ಕೈ ಬದಲಾದ ಚೆಕ್ ಬೌನ್ಸ್ ಆದಾಗ: ಯಾರು, ಯಾರಿಗೆ, ಯಾವಾಗ ನೋಟಿಸ್ ಕೊಡಬೇಕು?

ಎಲ್‌ಎಲ್‌ಬಿ ಇರಲಿ, ಸಿಎ ಇರಲಿ, ಬ್ಯಾಂಕಿನವರು ಬರೆಯುವ ಜೆಎಐಐಬಿ ಇರಲಿ, ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್ ಮೇಲಿನ ಪ್ರಶ್ನೆಗಳಲ್ಲಿ ಒಂದು ನಮೂನೆ ಮತ್ತೆ ಮತ್ತೆ ಬರುತ್ತದೆ. ಒಬ್ಬ ಚೆಕ್ ಕೊಡುತ್ತಾನೆ. ಅದನ್ನು ಪಡೆದವನು ಮೂರನೆಯವರಿಗೆ ದಾಟಿಸುತ್ತಾನೆ. ಆಮೇಲೆ ಚೆಕ್ ಬೌನ್ಸ್ ಆಗುತ್ತದೆ. ಮೂರನೆಯವರಿಗೆ ದುಡ್ಡು ಸಿಗುತ್ತದಾ, ಯಾರಿಂದ, ಎಷ್ಟು ದಿನದೊಳಗೆ ಏನು ಮಾಡಬೇಕು ಎಂಬುದು ಪ್ರಶ್ನೆ.

ಹೆಚ್ಚಿನವರು ಇಲ್ಲಿ ಚೆಕ್ ಬೌನ್ಸ್ ಅಪರಾಧ ಎನ್ನುವ ಕಲಂ 138 ಅಂತ ಬರೆದು, 30 ದಿನ, 15 ದಿನ, ಒಂದು ತಿಂಗಳು ಎಂದು ಮೂರು ಲೆಕ್ಕ ಒಪ್ಪಿಸಿ ಮುಗಿಸುತ್ತಾರೆ. ಅದು ಅರ್ಧ ಉತ್ತರ. ಈ ಕಾಯ್ದೆಯಲ್ಲಿ ಚೆಕ್ ಬೌನ್ಸ್‌ಗೆ ಸಂಬಂಧಿಸಿದ ನೋಟಿಸ್ ಎರಡು ಬಗೆಯದು. ಒಂದಕ್ಕೆ 30 ದಿನ ಇದೆ. ಇನ್ನೊಂದಕ್ಕೆ ಹೆಚ್ಚು ಕಡಿಮೆ ಮಾರನೇ ದಿನವೇ ಗಡುವು. ಎರಡನ್ನೂ ಒಂದೇ ಅಂದುಕೊಂಡರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ, ವ್ಯವಹಾರದಲ್ಲಿ ಹಣ ಹೋಗುತ್ತದೆ.

ಒಂದು ಕಲ್ಪಿತ ಪ್ರಕರಣ ಇಟ್ಟುಕೊಂಡು ನೋಡೋಣ.

ದಾವಣಗೆರೆಯ ಮೆಕ್ಕೆಜೋಳದ ವ್ಯಾಪಾರಿ ಬಸವರಾಜ್, ಅದೇ ಊರಿನ ನಾಗರಾಜನಿಂದ ಹಳೇ ಟ್ರ್ಯಾಕ್ಟರ್ ಕೊಂಡರು. 2025ರ ಫೆಬ್ರುವರಿ 3ರಂದು 2,40,000 ರೂಪಾಯಿಗೆ ಚೆಕ್ ಬರೆದುಕೊಟ್ಟರು. ಚೆಕ್ ಮೇಲೆ ಹಾಕಿದ ದಿನಾಂಕ ಫೆಬ್ರುವರಿ 10. ನಾಗರಾಜನ ಹೆಸರಿಗೆ ಬರೆದ ಆರ್ಡರ್ ಚೆಕ್ ಅದು. ಎಡಮೂಲೆಯಲ್ಲಿ ಎರಡು ಗೆರೆ ಇದೆ, ಆದರೆ ಗೆರೆಗಳ ನಡುವೆ ಏನೂ ಬರೆದಿಲ್ಲ. ಹರಿಹರದಲ್ಲಿ ಬೀಜ-ಗೊಬ್ಬರದ ಅಂಗಡಿ ನಡೆಸುವ ಸರೋಜಮ್ಮನಿಗೆ ನಾಗರಾಜ ಅಷ್ಟೇ ಮೊತ್ತ ಬಾಕಿ ಕೊಡಬೇಕಿತ್ತು. ಫೆಬ್ರುವರಿ 6ರಂದು ಅವನು ಚೆಕ್ಕಿನ ಹಿಂದೆ "ಸರೋಜಮ್ಮನವರಿಗೆ ಪಾವತಿಸಿ" ಎಂದು ಬರೆದು ಸಹಿ ಹಾಕಿ, "ಅಕ್ಕಾರೆ, ಹತ್ತನೇ ತಾರೀಕು ಆದ ಮೇಲೆ ಬ್ಯಾಂಕಿಗೆ ಹಾಕ್ಕೊಳ್ರಿ" ಅಂತ ಕೊಟ್ಟ.

ಅಷ್ಟರಲ್ಲಿ ಟ್ರ್ಯಾಕ್ಟರ್ ಕಥೆ ಬಯಲಾಯಿತು. ಎಂಜಿನ್ ಬೇರೆ ಗಾಡಿಯದು, ತೋರಿಸಿದ ಕಾಗದ ಸುಳ್ಳು. ಮೋಸ ಹೋದೆ ಎಂದು ಗೊತ್ತಾದ ಬಸವರಾಜ್ ಬ್ಯಾಂಕಿಗೆ ಹೋಗಿ ಪಾವತಿ ನಿಲ್ಲಿಸಲು ಹೇಳಿದರು. ಇದೇನೂ ತಿಳಿಯದ ಸರೋಜಮ್ಮ ಮಾರ್ಚ್ 12ರಂದು ಹರಿಹರದ ತಮ್ಮ ಬ್ಯಾಂಕಿನಲ್ಲಿ ಚೆಕ್ ಹಾಕಿದರು. ಮಾರ್ಚ್ 13ರಂದು ಚೆಕ್ ವಾಪಸಾಯಿತು. ರಿಟರ್ನ್ ಮೆಮೊ ಅವರ ಕೈಗೆ ಬಂದಿದ್ದು ಮಾರ್ಚ್ 17ಕ್ಕೆ. ಕಾರಣ: ಖಾತೆದಾರರು ಪಾವತಿ ತಡೆದಿದ್ದಾರೆ.

ಮೊದಲ ಪ್ರಶ್ನೆ: ಸರೋಜಮ್ಮ ಕಾನೂನಿನ ಕಣ್ಣಿಗೆ ಯಾರು?

ಚೆಕ್ ಅವರ ಹೆಸರಿಗೆ ಬರೆದದ್ದಲ್ಲ, ಹಾಗಾಗಿ ಅವರು ಪೇಯೀ ಅಲ್ಲ. ಎಂಡಾರ್ಸ್ ಮಾಡಿಸಿಕೊಂಡದ್ದರಿಂದ ಹೋಲ್ಡರ್ ಅಂತೂ ಹೌದು. ಆದರೆ ಕಲಂ 138ರ ನೋಟಿಸ್ ಕೊಡುವ ಹಕ್ಕು ಮತ್ತು ಕಲಂ 142ರ ಕೆಳಗೆ ದೂರು ಕೊಡುವ ಹಕ್ಕು ಇರುವುದು ಇಬ್ಬರಿಗೆ ಮಾತ್ರ: ಪೇಯೀ, ಇಲ್ಲವೇ ಹೋಲ್ಡರ್ ಇನ್ ಡ್ಯೂ ಕೋರ್ಸ್. ಬರೀ ಹೋಲ್ಡರ್ ಆದರೆ ಸಾಲದು. ಹೋಲ್ಡರ್ ಇನ್ ಡ್ಯೂ ಕೋರ್ಸ್ ಯಾರು ಎಂದು ಹೇಳುವುದು ಕಲಂ 9, ಎಲ್ಲವೂ ಅದರ ಮೇಲೆ ನಿಂತಿದೆ ಅಂತಾಯಿತು.

ಕಲಂ 9 ಮೂರು ವಿಷಯ ಕೇಳುತ್ತದೆ. ಚೆಕ್ಕಿಗೆ ಪ್ರತಿಯಾಗಿ ಏನಾದರೂ ಕೊಟ್ಟಿದ್ದೀರಾ? ಸರೋಜಮ್ಮ ಕೊಟ್ಟಿದ್ದಾರೆ, ಬೀಜ ಗೊಬ್ಬರದ ಬಾಕಿ ಈ ಚೆಕ್ಕಿನಿಂದ ತೀರಬೇಕಿತ್ತು. ನಾಗರಾಜ ಇದೇ ಚೆಕ್ಕನ್ನು ತಂಗಿಯ ಮದುವೆಗೆ ಉಡುಗೊರೆಯಾಗಿ ಕೊಟ್ಟಿದ್ದರೆ ಆ ತಂಗಿ ಬರೀ ಹೋಲ್ಡರ್ ಆಗಿ ಉಳಿಯುತ್ತಿದ್ದಳು. ಎರಡನೆಯದು, ಹಣ ಪಾವತಿಗೆ ಬರುವ ಮೊದಲೇ ಚೆಕ್ ನಿಮ್ಮದಾಯಿತಾ? ಫೆಬ್ರುವರಿ 10ರ ಚೆಕ್ಕನ್ನು 6ರಂದೇ ಪಡೆದಿದ್ದಾರೆ. ಮುಂದಿನ ದಿನಾಂಕ ಹಾಕಿದ ಚೆಕ್, ಆ ದಿನ ಬರುವವರೆಗೆ ಬಿಲ್ ಆಫ್ ಎಕ್ಸ್‌ಚೇಂಜ್ ಇದ್ದಂತೆ. ಅದರ ಮೇಲಿನ ದಿನಾಂಕದಂದೇ ಅದು ಚೆಕ್ ಆಗುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಈ ಷರತ್ತಿನಲ್ಲಿ ತಕರಾರಿಲ್ಲ. ಮೂರನೆಯದು, ಕೊಟ್ಟವನ ಹಕ್ಕಿನಲ್ಲಿ ಏನೋ ದೋಷ ಇದೆ ಎಂದು ನಂಬಲು ನಿಮಗೆ ಸಾಕಷ್ಟು ಕಾರಣ ಇತ್ತಾ? ಟ್ರ್ಯಾಕ್ಟರ್ ಮೋಸ ಸರೋಜಮ್ಮನಿಗೆ ಗೊತ್ತಿರಲಿಲ್ಲ.

ಈ ಮೂರನೆಯ ಷರತ್ತಿನಲ್ಲಿ ಸ್ವಲ್ಪ ನಿಲ್ಲಬೇಕು. ಕಾಯ್ದೆ ಕೇಳುವುದು "ನಿಮಗೆ ಗೊತ್ತಿತ್ತಾ" ಅಂತಲ್ಲ, "ಅನುಮಾನ ಬರಲು ಸಾಕಷ್ಟು ಕಾರಣ ಇತ್ತಾ" ಅಂತ. 2,40,000ದ ಚೆಕ್ಕನ್ನು ನಾಗರಾಜ 1,50,000ಕ್ಕೆ ಬಿಟ್ಟುಕೊಡುತ್ತೇನೆ ಅಂದಿದ್ದರೆ ಯಾರಿಗಾದರೂ ಕಿವಿ ನೆಟ್ಟಗಾಗಬೇಕಿತ್ತು, ಅಲ್ವಾ? ಚೆಕ್ಕಿನ ಮೇಲೆ ತಿದ್ದಿದ ಗುರುತಿದ್ದು, ಅಲ್ಲಿ ಬಸವರಾಜರ ಸಹಿ ಇಲ್ಲದಿದ್ದರೂ ಅಷ್ಟೇ. ಕಣ್ಣು ಮುಚ್ಚಿಕೊಂಡು ತೆಗೆದುಕೊಂಡವರಿಗೆ ಕಲಂ 9ರ ರಕ್ಷಣೆ ಸಿಗುವುದಿಲ್ಲ.

ಪ್ರಶ್ನೆ ಓದುವಾಗ ಚೆಕ್ಕಿನ ಗೆರೆಗಳ ನಡುವೆ ಏನಿದೆ ಎಂದು ಮೊದಲು ನೋಡಿ. ನಮ್ಮ ಕಥೆಯಲ್ಲಿ ಬೇಕಂತಲೇ ಖಾಲಿ ಬಿಟ್ಟಿದ್ದೇನೆ. ಅಲ್ಲಿ "ನಾಟ್ ನೆಗೋಷಿಯಬಲ್" ಎಂದು ಇದ್ದಿದ್ದರೆ ಕಲಂ 130 ಬರುತ್ತದೆ. ಚೆಕ್ ದಾಟಿಸಬಹುದು, ಆದರೆ ಪಡೆದವರಿಗೆ ಕೊಟ್ಟವನಿಗಿಂತ ಒಳ್ಳೆಯ ಹಕ್ಕು ಸಿಗುವುದಿಲ್ಲ. ನಾಗರಾಜನ ಮೋಸದ ಕಳಂಕ ಸರೋಜಮ್ಮನಿಗೂ ಅಂಟುತ್ತದೆ. "ಅಕೌಂಟ್ ಪೇಯೀ" ಎಂದು ಇದ್ದರೆ ಕಥೆ ಬೇಗ ಮುಗಿಯುತ್ತದೆ. ಅಂಥ ಚೆಕ್ಕಿನ ಹಣವನ್ನು ಪೇಯೀ ಬಿಟ್ಟು ಬೇರೆಯವರ ಖಾತೆಗೆ ಹಾಕಬಾರದು ಎಂದು ಆರ್‌ಬಿಐ ಬ್ಯಾಂಕುಗಳಿಗೆ ಹೇಳಿದೆ. ಈಗ ಬಹುತೇಕ ವ್ಯಾಪಾರಿಗಳು ಅಕೌಂಟ್ ಪೇಯೀ ಮಾಡಿಯೇ ಚೆಕ್ ಕೊಡುತ್ತಾರೆ, ಅದಕ್ಕೇ ಕೈ ಬದಲಾಗುವ ಚೆಕ್ ಅಂಗಡಿ ಬೀದಿಗಿಂತ ಪ್ರಶ್ನೆಪತ್ರಿಕೆಯಲ್ಲೇ ಜಾಸ್ತಿ ಕಾಣುತ್ತದೆ. ಹಾಗಂತ ಪೂರ್ತಿ ಹೋಗಿಲ್ಲ.

ಇನ್ನೊಂದು ಮಿತಿ. ನಾಗರಾಜನ ಬಳಿಯಿಂದ ಚೆಕ್ ಕದ್ದವನೊಬ್ಬ ಅವನ ಸಹಿಯನ್ನು ನಕಲು ಮಾಡಿ ಎಂಡಾರ್ಸ್ ಮಾಡಿದ್ದರೆ, ಸರೋಜಮ್ಮ ಎಷ್ಟೇ ಪ್ರಾಮಾಣಿಕರಾಗಿದ್ದರೂ ಆರ್ಡರ್ ಚೆಕ್ಕಿನ ಮೇಲೆ ಅವರಿಗೆ ಹಕ್ಕು ಹುಟ್ಟುವುದಿಲ್ಲ. ಮೋಸದಿಂದ ಪಡೆದ ಚೆಕ್ಕಿನಲ್ಲಿ ದೋಷದ ಹಕ್ಕಾದರೂ ಇರುತ್ತದೆ. ನಕಲಿ ಸಹಿಯಿಂದ ಯಾವ ಹಕ್ಕೂ ದಾಟುವುದಿಲ್ಲ.

ಈಗ ಬಸವರಾಜರ ವಾದಕ್ಕೆ ಬರೋಣ. "ನಾನೇ ಮೋಸ ಹೋದವನು, ನಾನ್ಯಾಕೆ ಕೊಡಲಿ?" ನಾಗರಾಜನೇ ಕೇಸ್ ಹಾಕಿದ್ದರೆ ಈ ವಾದಕ್ಕೆ ತೂಕ ಇತ್ತು. ಸರೋಜಮ್ಮನ ಮುಂದೆ ಹಾಗಲ್ಲ. ಮೋಸದಿಂದ ಪಡೆದ ಚೆಕ್ಕಿನ ಹಣ ಕೇಳುವ ಹಕ್ಕು, ಮೋಸ ಮಾಡಿದವನಿಗೂ ಅವನ ಮೂಲಕ ಬಂದವರಿಗೂ ಇಲ್ಲ ಎನ್ನುತ್ತದೆ ಕಲಂ 58. ಆದರೆ ಹೋಲ್ಡರ್ ಇನ್ ಡ್ಯೂ ಕೋರ್ಸ್ ಆದವರಿಗೆ ಈ ತಡೆ ಇಲ್ಲ ಎಂದೂ ಅದೇ ಕಲಂ ಹೇಳುತ್ತದೆ. ಹಣ ತೀರುವವರೆಗೆ ಹಿಂದಿನ ಎಲ್ಲರೂ ಅವರಿಗೆ ಹೊಣೆ ಎಂಬುದು ಕಲಂ 36. ಮೋಸದ ಲೆಕ್ಕವನ್ನು ಬಸವರಾಜ್ ನಾಗರಾಜನ ಜೊತೆ ಬಗೆಹರಿಸಿಕೊಳ್ಳಬೇಕು.

ಹಾಗಾದರೆ ಬಸವರಾಜರಿಗೆ ಯಾವ ದಾರಿಯೂ ಇಲ್ಲವಾ? ಒಂದು ಇದೆ, ವಿದ್ಯಾರ್ಥಿಗಳು ಇದನ್ನು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಪ್ರತಿ ಹೋಲ್ಡರ್ ಕೂಡ ಹೋಲ್ಡರ್ ಇನ್ ಡ್ಯೂ ಕೋರ್ಸ್ ಎಂದು ಕಲಂ 118 ಮೊದಲಿಗೆ ಊಹಿಸಿಕೊಳ್ಳುತ್ತದೆ. ಅಂದರೆ ಸರೋಜಮ್ಮ ಆರಂಭದಲ್ಲಿ ಏನನ್ನೂ ಸಾಬೀತು ಮಾಡಬೇಕಿಲ್ಲ. ಆದರೆ ಅದೇ ಕಲಮಿಗೆ ಒಂದು ಷರತ್ತು ಅಂಟಿಕೊಂಡಿದೆ: ಕಾನೂನುಬದ್ಧ ಮಾಲೀಕನಿಂದ ಚೆಕ್ಕನ್ನು ಅಪರಾಧ ಅಥವಾ ಮೋಸದಿಂದ ಪಡೆಯಲಾಗಿತ್ತು ಎಂದು ತೋರಿಸಿದರೆ, ಹೊರೆ ತಿರುಗುತ್ತದೆ. ಆಗ ತಾವು ಹೋಲ್ಡರ್ ಇನ್ ಡ್ಯೂ ಕೋರ್ಸ್ ಎಂದು ಸರೋಜಮ್ಮನೇ ಸಾಬೀತು ಮಾಡಬೇಕು. ಬೀಜ ಗೊಬ್ಬರದ ಬಿಲ್ಲುಗಳು, ಖಾತೆ ಪುಸ್ತಕದಲ್ಲಿ ನಾಗರಾಜನ ಬಾಕಿ, ಫೆಬ್ರುವರಿ 6ರಂದು ಆ ಬಾಕಿ ಎದುರು ಬರೆದುಕೊಂಡ ಚೆಕ್ ನಂಬರ್, ಇವೆಲ್ಲ ಆಗ ಕೆಲಸಕ್ಕೆ ಬರುತ್ತವೆ. ಚೆಕ್ಕಿನ ಹಿಂದೆ ನಾಗರಾಜ ಸಹಿಯ ಜೊತೆ ದಿನಾಂಕವನ್ನೂ ಹಾಕಿದ್ದರೆ ಇನ್ನೂ ಒಳ್ಳೆಯದು. ಬಾಯಿಮಾತಿನ ವ್ಯವಹಾರ ಆಗಿದ್ದರೆ ಸರೋಜಮ್ಮ ಇಲ್ಲೇ ಎಡವುತ್ತಾರೆ.

ಪಾವತಿ ತಡೆದರೆ ಕಲಂ 138 ಅನ್ವಯಿಸುತ್ತದಾ ಎಂಬ ಸಂಶಯವೂ ಕೆಲವರಿಗೆ ಇರುತ್ತದೆ, ಯಾಕೆಂದರೆ ಕಲಮಿನ ಮಾತು ಖಾತೆಯಲ್ಲಿ ಹಣ ಸಾಲದಿರುವುದರ ಬಗ್ಗೆ ಇದೆ. 1998ರ ಮೋದಿ ಸಿಮೆಂಟ್ಸ್ ತೀರ್ಪಿನಿಂದ ಇದು ಇತ್ಯರ್ಥವಾಗಿದೆ, ಪಾವತಿ ತಡೆದದ್ದೂ ಇದರಲ್ಲಿ ಬರುತ್ತದೆ. ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ 2010ರ ರಂಗಪ್ಪ ಪ್ರಕರಣದಲ್ಲೂ ಚೆಕ್ ವಾಪಸಾಗಿದ್ದು ಪಾವತಿ ತಡೆದ ಕಾರಣಕ್ಕೆ. ಕಾನೂನಿನಂತೆ ವಸೂಲಿ ಮಾಡಬಹುದಾದ ಸಾಲ ಇತ್ತು ಎಂಬುದನ್ನೂ ಕಲಂ 139ರ ಊಹೆ ಒಳಗೊಳ್ಳುತ್ತದೆ ಎಂದು ಆ ತೀರ್ಪು ಹೇಳಿತು. ಆರೋಪಿ ಆ ಊಹೆಯನ್ನು ಮುರಿಯಬಹುದು, ಆದರೆ ಮುರಿಯುವ ಕೆಲಸ ಅವನದೇ.

ಇನ್ನು ನೋಟಿಸ್. ಮಾರ್ಚ್ 17ರ ಸಂಜೆ ಮೆಮೊ ಹಿಡಿದು ಕೂತ ಸರೋಜಮ್ಮನ ಮುಂದೆ ಇಬ್ಬರು ಇದ್ದಾರೆ. ಚೆಕ್ ಬರೆದ ಬಸವರಾಜ್, ಎಂಡಾರ್ಸ್ ಮಾಡಿದ ನಾಗರಾಜ.

ಮೊದಲು ನಾಗರಾಜನನ್ನು ನೋಡೋಣ, ಯಾಕೆಂದರೆ ಅವನ ವಿಷಯದಲ್ಲಿ ಸಮಯ ತೀರಾ ಕಡಿಮೆ. ಎಂಡಾರ್ಸ್ ಮಾಡಿದವನೂ ಮುಂದಿನ ಹೋಲ್ಡರಿಗೆ ಹೊಣೆ, ಅದು ಕಲಂ 35. ಆದರೆ ಚೆಕ್ ಅಮಾನ್ಯವಾದ ಸುದ್ದಿಯನ್ನು ಅವನಿಗೆ ತಲುಪಿಸಿದ್ದರೆ ಮಾತ್ರ. ಹೊಣೆ ಹೊರಿಸಬೇಕಾದ ಪ್ರತಿಯೊಬ್ಬರಿಗೂ ಈ ಸುದ್ದಿ ಕೊಡಿ ಎನ್ನುತ್ತದೆ ಕಲಂ 93. ಇದು ಹಣ ಕೊಡಿ ಎಂದು ಕೇಳುವ ನೋಟಿಸ್ ಅಲ್ಲ. "ನೀವು ಎಂಡಾರ್ಸ್ ಮಾಡಿದ ಚೆಕ್ ಪಾವತಿ ಆಗದೆ ವಾಪಸಾಗಿದೆ, ನಿಮ್ಮನ್ನು ಹೊಣೆ ಮಾಡುತ್ತೇನೆ" ಎಂಬ ಮಾಹಿತಿ. ಕಲಂ 94ರ ಪ್ರಕಾರ ಬಾಯಿಮಾತಿನಲ್ಲೂ ಹೇಳಬಹುದು, ಬರೆದೂ ಕೊಡಬಹುದು, ಅಂಚೆಯಲ್ಲೂ ಕಳಿಸಬಹುದು.

ಸಮಯ? ಕಾಯ್ದೆ "ಸಮಂಜಸವಾದ ಸಮಯ" ಅನ್ನುತ್ತದೆ, ಆದರೆ ಕಲಂ 106 ಅದನ್ನು ಬಿಗಿ ಮಾಡಿದೆ. ಇಬ್ಬರೂ ಬೇರೆ ಬೇರೆ ಊರಿನವರಾದರೆ ಮುಂದಿನ ಅಂಚೆಗೆ ಇಲ್ಲವೇ ಅಮಾನ್ಯವಾದ ಮಾರನೇ ದಿನ ನೋಟಿಸ್ ರವಾನೆ ಆಗಬೇಕು. ಒಂದೇ ಊರಾದರೆ ಮಾರನೇ ದಿನ ತಲುಪುವಂತೆ ಕಳಿಸಬೇಕು. ಚೆಕ್ ವಾಪಸಾಗಿದ್ದು 13ಕ್ಕೆ, ಸರೋಜಮ್ಮನಿಗೆ ಗೊತ್ತಾಗಿದ್ದು 17ಕ್ಕೆ, ಹಾಗಾದರೆ ಅವಧಿ ಆಗಲೇ ಮುಗಿದು ಹೋಯಿತಾ? ಕಲಂ 96 ಇಲ್ಲಿ ಸಹಾಯಕ್ಕೆ ಬರುತ್ತದೆ. ವಸೂಲಿಗೆ ಚೆಕ್ ಹಾಕಿಕೊಂಡ ಬ್ಯಾಂಕ್ ಅವರ ಏಜೆಂಟ್. ಏಜೆಂಟ್ ತನ್ನ ಗ್ರಾಹಕರಿಗೆ ತಿಳಿಸಲು ಒಂದು ಅವಧಿ ಪಡೆಯುತ್ತಾನೆ, ಗ್ರಾಹಕರು ಮುಂದಿನವರಿಗೆ ತಿಳಿಸಲು ಅಷ್ಟೇ ಇನ್ನೊಂದು ಅವಧಿ ಪಡೆಯುತ್ತಾರೆ. ಬ್ಯಾಂಕ್ ತನ್ನ ಪಾಲಿನ ಕೆಲಸ ಹೊತ್ತಿಗೆ ಮಾಡಿದೆ ಅಂತ ಇಟ್ಟುಕೊಂಡರೆ, ಸರೋಜಮ್ಮ ಮಾರ್ಚ್ 18ಕ್ಕೆ ದಾವಣಗೆರೆಗೆ ಪತ್ರ ಹಾಕಿಬಿಡಬೇಕು.

ಅವರು ಹಾಕಲಿಲ್ಲ ಅನ್ನಿ. ವಕೀಲರನ್ನು ಕಾಣಲು ಏಪ್ರಿಲ್‌ವರೆಗೆ ಕಾದರು. ಆಗ ಎಂಡಾರ್ಸರ್ ಎಂಬ ನೆಲೆಯಲ್ಲಿ ನಾಗರಾಜನ ಮೇಲಿದ್ದ ಹಿಡಿತ ಸಡಿಲವಾಗುತ್ತದೆ. ನೋಟಿಸ್ ಬರದೆ ಅವನಿಗೆ ಯಾವ ನಷ್ಟವೂ ಆಗುವಂತಿರಲಿಲ್ಲ ಎಂದು ತೋರಿಸಿದರೆ ಕಲಂ 98ರ ವಿನಾಯಿತಿ ಸಿಗಬಹುದು, ಆದರೆ ಅದು ವಾದ ಮಾಡಿ ಗೆಲ್ಲಬೇಕಾದ ಜಾಗ. ಕಲಂ 138ರ 30 ದಿನ ಅವರನ್ನು ನಾಗರಾಜನ ವಿಷಯದಲ್ಲಿ ಉಳಿಸುವುದಿಲ್ಲ. 138 ಚೆಕ್ ಬರೆದವರ ಮೇಲೆ ಮಾತ್ರ, ಎಂಡಾರ್ಸ್ ಮಾಡಿದವರ ಮೇಲೆ ಅಲ್ಲ.

ಬಸವರಾಜರಿಗೂ ಕಲಂ 93ರ ನೋಟಿಸ್ ಬೇಕಾ? ಸಾಮಾನ್ಯವಾಗಿ ಬೇಕು. ಈ ಕಥೆಯಲ್ಲಿ ಬೇಡ. ಪಾವತಿ ತಡೆದವರು ಅವರೇ. ಚೆಕ್ ಬರೆದವರೇ ಪಾವತಿ ತಡೆದಿದ್ದರೆ ಅವರಿಗೆ ಸುದ್ದಿ ಹೇಳುವ ಅಗತ್ಯ ಇಲ್ಲ ಎಂದು ಕಲಂ 98 ಒಪ್ಪುತ್ತದೆ. ಆದರೆ ಆ ವಿನಾಯಿತಿಯನ್ನು ಕಲಂ 138ಕ್ಕೆ ಎಳೆಯಬೇಡಿ. ಕ್ರಿಮಿನಲ್ ದೂರು ಕೊಡಬೇಕೆಂದರೆ ಬಸವರಾಜರಿಗೆ ಬರಹದಲ್ಲಿ ಬೇಡಿಕೆ ನೋಟಿಸ್ ಹೋಗಲೇಬೇಕು. ಅದಕ್ಕೆ ರಿಯಾಯಿತಿ ಇಲ್ಲ.

ಈಗ ಆ 138ರ ಲೆಕ್ಕ.

ಚೆಕ್ ಅವಧಿಯೊಳಗೆ ಬ್ಯಾಂಕಿಗೆ ಬಂದಿರಬೇಕು. ಕಾಯ್ದೆಯಲ್ಲಿ ಆರು ತಿಂಗಳು ಅಥವಾ ಚೆಕ್ಕಿನ ಮಾನ್ಯತೆ ಇರುವವರೆಗೆ, ಯಾವುದು ಮೊದಲೋ ಅದು ಎಂದಿದೆ. 2012ರ ಏಪ್ರಿಲ್ 1ರಿಂದ ಆರ್‌ಬಿಐ ಚೆಕ್ಕಿನ ಮಾನ್ಯತೆಯನ್ನು ಮೂರು ತಿಂಗಳಿಗೆ ಇಳಿಸಿದೆ, ಹಾಗಾಗಿ ಈಗ ಲೆಕ್ಕ ಮೂರೇ ತಿಂಗಳು. ಹಳೇ ಗೈಡ್ ಓದಿ ಆರು ತಿಂಗಳು ಎಂದು ಬರೆಯುವವರು ಇನ್ನೂ ಇದ್ದಾರೆ. ಅವಧಿ ಎಣಿಸುವುದು ಚೆಕ್ ಮೇಲಿನ ದಿನಾಂಕದಿಂದ, ಕೊಟ್ಟ ದಿನದಿಂದಲ್ಲ. ಆ ಅವಧಿಯೊಳಗೆ ಚೆಕ್ ತಲುಪಬೇಕಾದದ್ದು ಬಸವರಾಜರ ಬ್ಯಾಂಕಿಗೆ. ಸರೋಜಮ್ಮ ತಮ್ಮ ಬ್ಯಾಂಕಿನ ಡಬ್ಬಿಗೆ ಹಾಕಿದ ದಿನ ಲೆಕ್ಕಕ್ಕಿಲ್ಲ. ಫೆಬ್ರುವರಿ 10ರ ಚೆಕ್ ಮಾರ್ಚ್‌ನಲ್ಲಿ ಹೋಗಿದೆ, ಇಲ್ಲಿ ತೊಂದರೆ ಇಲ್ಲ.

ನಂತರ 30 ದಿನ. ಇದು ಚೆಕ್ ವಾಪಸಾದ ದಿನದಿಂದ ಶುರುವಾಗುವುದಿಲ್ಲ, ವಾಪಸಾದ ಮಾಹಿತಿ ಬ್ಯಾಂಕಿನಿಂದ ಸಿಕ್ಕ ದಿನದಿಂದ ಶುರು. ಸಿಕ್ಕ ದಿನವನ್ನು ಬಿಟ್ಟು ಎಣಿಸಬೇಕು. ಮಾರ್ಚ್ 18 ಮೊದಲ ದಿನ, ಏಪ್ರಿಲ್ 16 ಮೂವತ್ತನೇ ದಿನ. 13ರಿಂದ ಎಣಿಸಿದವರು ಏಪ್ರಿಲ್ 12 ಎಂದು ಬರೆಯುತ್ತಾರೆ, ಪ್ರಶ್ನೆಯಲ್ಲಿ ಎರಡು ದಿನಾಂಕ ಕೊಡುವುದೇ ಇದಕ್ಕೆ. ಒಂದು ವ್ಯವಹಾರದ ಮಾತು: ಈಗ ಚೆಕ್ ವಾಪಸಾದ ಕೂಡಲೇ ಮೊಬೈಲಿಗೆ ಸಂದೇಶ ಬರುತ್ತದೆ. ಮಾಹಿತಿ ಸಿಕ್ಕಿದ್ದು ಆವತ್ತೇ ಎಂದು ಎದುರಿನ ವಕೀಲರು ವಾದಿಸಬಹುದು. ಮೆಮೊ ತಡವಾಗಿ ಸಿಕ್ಕಿದ್ದರೂ ಸಂದೇಶ ಬಂದ ದಿನದಿಂದಲೇ ಎಣಿಸಿಕೊಂಡರೆ ಆ ಜಗಳವೇ ಇರುವುದಿಲ್ಲ.

30 ದಿನದೊಳಗೆ ನೋಟಿಸ್ ಕಳಿಸಿದರೆ ಸಾಕು, ತಲುಪಬೇಕೆಂದಿಲ್ಲ. ನೋಟಿಸ್ "ಕೊಡುವುದು" ಬೇರೆ, ಅದನ್ನು ಎದುರಿನವರು "ಪಡೆಯುವುದು" ಬೇರೆ ಎಂದು 1999ರ ಭಾಸ್ಕರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದೆ. ಸರೋಜಮ್ಮನ ವಕೀಲರು ಏಪ್ರಿಲ್ 4ರಂದು ರಿಜಿಸ್ಟರ್ ಪೋಸ್ಟ್ ಮಾಡಿದರು. ಏಪ್ರಿಲ್ 7ಕ್ಕೆ ಬಸವರಾಜ್ ಸಹಿ ಹಾಕಿ ಪಡೆದರು.

ಮುಂದಿನ 15 ದಿನ ಮಾತ್ರ ಪಡೆದ ದಿನದಿಂದ. ಏಪ್ರಿಲ್ 7 ಬಿಟ್ಟರೆ, ಏಪ್ರಿಲ್ 22 ಹದಿನೈದನೇ ದಿನ. ಆ ದಿನ ಮುಗಿಯುವವರೆಗೆ ಹಣ ಕೊಟ್ಟರೆ ಅಪರಾಧವೇ ಇಲ್ಲ. ಬಸವರಾಜ್ ಕೊಡಲಿಲ್ಲ. ಹಾಗಾಗಿ ದೂರಿಗೆ ಕಾರಣ ಹುಟ್ಟುವುದು ಏಪ್ರಿಲ್ 23ಕ್ಕೆ. ಅಲ್ಲಿಂದ ಒಂದು ತಿಂಗಳು. ಇಲ್ಲೂ ಕಾರಣ ಹುಟ್ಟಿದ ದಿನವನ್ನು ಬಿಟ್ಟೇ ಎಣಿಸಬೇಕು. 1999ರ ಸಾಕೇತ್ ತೀರ್ಪು ಹೀಗೆ ಹೇಳಿತ್ತು, 2013ರಲ್ಲಿ ಎಕಾನ್ ಆಂಟ್ರಿ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಖಚಿತ ಮಾಡಿತು. ಕಾಯ್ದೆ ಇಲ್ಲಿ "ಒಂದು ತಿಂಗಳು" ಎನ್ನುತ್ತದೆ, 30 ದಿನ ಎನ್ನುವುದಿಲ್ಲ. ಹಾಗಾಗಿ ಕ್ಯಾಲೆಂಡರ್ ತಿಂಗಳು. ಕೊನೆಯ ದಿನ ಮೇ 23.

ತಡವಾದರೆ ಸಾಕಷ್ಟು ಕಾರಣ ತೋರಿಸಿ ಮನ್ನಿಸಿ ಎಂದು ಕೇಳಬಹುದು, 2002ರ ತಿದ್ದುಪಡಿ ಆ ಬಾಗಿಲು ತೆರೆದಿದೆ. ಆದರೆ ಆ ರಿಯಾಯಿತಿ ದೂರು ಸಲ್ಲಿಸುವ ಒಂದು ತಿಂಗಳಿಗೆ ಮಾತ್ರ. ನೋಟಿಸಿನ 30 ದಿನ ತಪ್ಪಿದರೆ ಮನ್ನಿಸುವ ಅಧಿಕಾರ ಕೋರ್ಟಿಗೆ ಇಲ್ಲ.

ಅವಸರ ಮಾಡಿದರೂ ಕಷ್ಟ. ಸರೋಜಮ್ಮ ಏಪ್ರಿಲ್ 20ಕ್ಕೇ ದೂರು ಕೊಟ್ಟಿದ್ದರೆ? 2014ರ ಯೋಗೇಂದ್ರ ಪ್ರತಾಪ್ ಸಿಂಗ್ ಪ್ರಕರಣದ ಪ್ರಕಾರ 15 ದಿನ ಮುಗಿಯುವ ಮೊದಲು ಕೊಟ್ಟ ದೂರು ಕಾನೂನಿನ ಕಣ್ಣಿಗೆ ದೂರೇ ಅಲ್ಲ. ಕೋರ್ಟ್ ಅದನ್ನು ಕೈಗೆತ್ತಿಕೊಳ್ಳುವ ಹೊತ್ತಿಗೆ 15 ದಿನ ಕಳೆದಿದ್ದರೂ ಅದು ಸರಿಹೋಗುವುದಿಲ್ಲ. ಆ ದೂರು ವಜಾ ಆದ ಒಂದು ತಿಂಗಳೊಳಗೆ ಹೊಸ ದೂರು ಕೊಡಬಹುದು, ವಿಳಂಬ ಮನ್ನಿಸಿದಂತೆ ಎಂದು ಅದೇ ತೀರ್ಪು ಒಂದು ದಾರಿ ಬಿಟ್ಟಿದೆ. ಆದರೆ ಅಷ್ಟರಲ್ಲಿ ಎಷ್ಟು ವರ್ಷ ಹೋಗಿರುತ್ತದೋ.

ಬಸವರಾಜ್ ಅಂಚೆಯವನಿಂದ ಲಕೋಟೆ ತೆಗೆದುಕೊಳ್ಳದೇ ಹೋಗಿದ್ದರೆ? "ತೆಗೆದುಕೊಳ್ಳಲು ನಿರಾಕರಿಸಿದ್ದಾರೆ", "ಮನೆಗೆ ಬೀಗ ಹಾಕಿದೆ" ಎಂಬ ಷರಾ ಹೊತ್ತು ವಾಪಸ್ ಬರುವ ನೋಟಿಸುಗಳು ಬೇಕಾದಷ್ಟು. ವಿಳಾಸ ಸರಿಯಿದ್ದು, ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದರೆ ತಲುಪಿದಂತೆಯೇ ಎಂದು ಊಹಿಸಬಹುದು. ನನಗೆ ನೋಟಿಸೇ ಬಂದಿಲ್ಲ ಎನ್ನುವವರಿಗೆ 2007ರ ಅಲವಿ ಹಾಜಿ ತೀರ್ಪಿನಲ್ಲಿ ಖಡಕ್ ಉತ್ತರ ಇದೆ: ಕೋರ್ಟಿನ ಸಮನ್ಸ್ ಬಂದ 15 ದಿನದೊಳಗೆ ಹಣ ಕಟ್ಟಿ, ಆಮೇಲೆ ದೂರು ವಜಾ ಮಾಡಿ ಅಂತ ಕೇಳಿ. ಕಟ್ಟದವರು ನೋಟಿಸ್ ಬರಲಿಲ್ಲ ಎಂದು ಹೇಳುವಂತಿಲ್ಲ.

ನೋಟಿಸಿನ ಒಳಗೆ ಏನಿರಬೇಕು ಎಂಬುದೂ ಕೇಸನ್ನು ಉಳಿಸಬಲ್ಲದು, ಮುಳುಗಿಸಬಲ್ಲದು. ಕೇಳಬೇಕಾದದ್ದು ಚೆಕ್ಕಿನ ಮೊತ್ತವನ್ನು. ಬಡ್ಡಿ, ವಕೀಲರ ಫೀ ಬೇರೆ ಸಾಲಿನಲ್ಲಿ ಬೇರೆಯಾಗಿ ಕಾಣುವಂತಿದ್ದರೆ ಅಡ್ಡಿಯಿಲ್ಲ. ಎಲ್ಲ ಸೇರಿಸಿ "ಒಟ್ಟು 2,75,000 ಕೊಡಿ" ಎಂದು ಚೆಕ್ಕಿನ ಮೊತ್ತವೇ ಎದ್ದು ಕಾಣದಂತೆ ಬರೆದರೆ ನೋಟಿಸ್ ಬಿದ್ದುಹೋಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಪ್ಲಾಸ್ಟಿಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಕಟ್ಟುನಿಟ್ಟಾಯಿತು. ಚೆಕ್ ಒಂದು ಕೋಟಿಯದು, ನೋಟಿಸಿನಲ್ಲಿ ಕೇಳಿದ್ದು ಎರಡು ಕೋಟಿ. ಟೈಪ್ ಮಾಡುವಾಗ ಆದ ತಪ್ಪು ಎಂಬ ಸಮಜಾಯಿಷಿ ನಡೆಯಲಿಲ್ಲ. ಇದರ ಇನ್ನೊಂದು ಮಗ್ಗುಲು 2022ರ ದಶರಥಭಾಯಿ ತೀರ್ಪಿನಲ್ಲಿದೆ. ಚೆಕ್ ಕೊಟ್ಟ ಮೇಲೆ ಸ್ವಲ್ಪ ಹಣ ಸಂದಾಯವಾಗಿದ್ದು, ಅದನ್ನು ಚೆಕ್ಕಿನ ಮೇಲೆ ನಮೂದಿಸದೆ ಪೂರ್ತಿ ಮೊತ್ತಕ್ಕೇ ಬ್ಯಾಂಕಿಗೆ ಹಾಕಿದರೆ, ಬೌನ್ಸ್ ಆದರೂ 138ರ ಅಪರಾಧ ಆಗುವುದಿಲ್ಲ.

ಎಲ್ಲಿ ದೂರು ಕೊಡಬೇಕು ಎಂಬುದು ಸುಲಭ. 2015ರ ತಿದ್ದುಪಡಿಯ ನಂತರ, ವಸೂಲಿಗಾಗಿ ಖಾತೆಗೆ ಹಾಕಿದ ಚೆಕ್ ಆದರೆ, ಪೇಯೀ ಅಥವಾ ಹೋಲ್ಡರ್ ಇನ್ ಡ್ಯೂ ಕೋರ್ಸ್ ಖಾತೆ ಇಟ್ಟಿರುವ ಶಾಖೆ ಎಲ್ಲಿದೆಯೋ ಅಲ್ಲಿ. ಸರೋಜಮ್ಮ ದಾವಣಗೆರೆಗೆ ಓಡಾಡಬೇಕಿಲ್ಲ, ಹರಿಹರವೇ ಸಾಕು. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ.

ಏಪ್ರಿಲ್ 16 ದಾಟಿಹೋಯಿತು, ಸರೋಜಮ್ಮ ನೋಟಿಸ್ ಕಳಿಸಲೇ ಇಲ್ಲ ಎಂದು ಪ್ರಶ್ನೆ ತಿರುಗಿದರೆ? ಚೆಕ್ಕಿಗೆ ಇನ್ನೂ ಜೀವ ಇದೆಯಾ ನೋಡಿ. ಅದರ ಮೂರು ತಿಂಗಳು ಮುಗಿಯುವುದು ಮೇ ಎರಡನೇ ವಾರದ ಹೊತ್ತಿಗೆ. ಅಷ್ಟರೊಳಗೆ ಮತ್ತೆ ಬ್ಯಾಂಕಿಗೆ ಹಾಕಬಹುದು. ಮತ್ತೆ ವಾಪಸಾದರೆ ಹೊಸ ಮೆಮೊ, ಹೊಸ 30 ದಿನ. ಮೊದಲ ಸಲ ನೋಟಿಸ್ ಕೊಟ್ಟು ಸುಮ್ಮನಿದ್ದವರೂ ಹೀಗೆ ಮಾಡಬಹುದು. 1998ರ ಸದಾನಂದನ್ ಭದ್ರನ್ ತೀರ್ಪು ಒಮ್ಮೆ ನೋಟಿಸ್ ಕೊಟ್ಟರೆ ಅಲ್ಲಿಗೆ ಮುಗಿಯಿತು ಎಂದಿತ್ತು. ಎಂಎಸ್‌ಆರ್ ಲೆದರ್ಸ್ ಪ್ರಕರಣದಲ್ಲಿ ಮೂವರ ಪೀಠ ಅದನ್ನು ತಳ್ಳಿಹಾಕಿದೆ. ಹಳೇ ತೀರ್ಪನ್ನು ಇನ್ನೂ ಉಲ್ಲೇಖಿಸುವ ನೋಟ್ಸ್ ಸಿಕ್ಕರೆ ಆ ಪುಟ ಹೊಡೆದುಹಾಕಿ.

ಕೊನೆಗೆ ಇದೇ ಕಥೆಯ ಒಂದು ತಿರುವು. ನಾಗರಾಜನೇ ಮೊದಲು ಚೆಕ್ಕನ್ನು ತನ್ನ ಖಾತೆಗೆ ಹಾಕಿದ. ಅದು ವಾಪಸಾಯಿತು. ಆಮೇಲೆ ಅದೇ ಚೆಕ್ಕನ್ನು ಎಂಡಾರ್ಸ್ ಮಾಡಿ, ವಾಪಸಾದ ಮಾತನ್ನೂ ಹೇಳಿಯೇ ಸರೋಜಮ್ಮನಿಗೆ ಕೊಟ್ಟ. ಅವರು ಬಾಕಿಗೆ ಜಮಾ ಮಾಡಿಕೊಂಡರು, ಅಂದರೆ ಪ್ರತಿಫಲವೂ ಇದೆ. ಆದರೂ ಇಲ್ಲಿ ಕಲಂ 59 ಬರುತ್ತದೆ. ಅಮಾನ್ಯವಾಗಿದೆ ಎಂದು ಗೊತ್ತಿದ್ದೂ ಚೆಕ್ ಪಡೆದವರಿಗೆ ಕೊಟ್ಟವನ ಹಕ್ಕಷ್ಟೇ ಸಿಗುತ್ತದೆ, ಅದಕ್ಕಿಂತ ಒಂದು ಗುಲಗಂಜಿ ತೂಕವೂ ಹೆಚ್ಚಿಲ್ಲ. ಸರೋಜಮ್ಮ ಹೋಲ್ಡರ್ ಇನ್ ಡ್ಯೂ ಕೋರ್ಸ್ ಆಗುವುದಿಲ್ಲ. ಟ್ರ್ಯಾಕ್ಟರ್ ಮೋಸದ ವಾದವನ್ನು ಬಸವರಾಜ್ ಅವರ ಎದುರೂ ಪೂರ್ತಿಯಾಗಿ ಹೂಡಬಹುದು. 138ರ ನೋಟಿಸ್ ಅವರು 30 ದಿನದೊಳಗೆ, ರೂಪಾಯಿ ಲೆಕ್ಕ ತಪ್ಪದೆ ಕಳಿಸಿದರೂ ಪ್ರಯೋಜನವಿಲ್ಲ, ಅದನ್ನು ಕಳಿಸುವ ಹಕ್ಕೇ ಅವರಿಗೆ ಇಲ್ಲ.